ಅಂಬೆಗಾಲಿಡುವ ಮಗು, ಅಡುಗೆಮನೆಯ ಜಿರಲೆ: ಜೆಲ್, ಚಾಕ್‌ಪೀಸ್, ಸ್ಪ್ರೇಗಳಲ್ಲಿ ಯಾವುದು ಎಲ್ಲಿಗೆ

ದಾವಣಗೆರೆಯ ಮಂಡಿಪೇಟೆಯಲ್ಲಿ ಯಾವ ಕಿರಾಣಿ ಅಂಗಡಿಗೆ ಹೋಗಿ ಜಿರಲೆಗೆ ಔಷಧಿ ಕೇಳಿದರೂ ಮೂರು ಬಗೆಯ ಸರಕು ಕೌಂಟರಿನ ಮೇಲೆ ಬರುತ್ತವೆ. ಒಂದು ಒತ್ತಿದರೆ ಬುಸ್ಸೆನ್ನುವ ಡಬ್ಬಿ, ಒಂದು ಗೆರೆ ಎಳೆಯುವ ಚಾಕ್‌ಪೀಸು, ಇನ್ನೊಂದು ಸಿರಿಂಜಿನಂಥ ಕೊಳವೆಯಲ್ಲಿ ತುಂಬಿದ ಕಂದು ಜೆಲ್. ಮೂರೂ ಜಿರಲೆ ಕೊಲ್ಲುತ್ತವೆ. ದೊಡ್ಡವರಷ್ಟೇ ಇರುವ ಮನೆಯಲ್ಲಿ ಯಾವುದನ್ನು ತಂದರೂ ಅಂಥ ವ್ಯತ್ಯಾಸವೇನೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಎಂಟು ತಿಂಗಳಿಂದ ಮೂರು ವರ್ಷದೊಳಗಿನ ಮಗು ಇದ್ದರೆ ಮಾತು ಬೇರೆ. ಆ ವಯಸ್ಸಿನ ಮಗು ನೆಲದ ಮೇಲೆ ಬದುಕುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗಿಟ್ಟು ನೋಡುತ್ತದೆ. ಆಗ ಕೇಳಬೇಕಾದ ಪ್ರಶ್ನೆ ಒಂದೇ: ಜಿರಲೆ ಸತ್ತ ಮೇಲೆ ಆ ವಿಷ ಅಡುಗೆಮನೆಯಲ್ಲಿ ಎಲ್ಲಿ ಉಳಿಯುತ್ತದೆ?

## ಮೊದಲು ಯಾವ ಜಿರಲೆ ಎಂದು ನೋಡಿಕೊಳ್ಳಿ

ನಮ್ಮ ಮನೆಗಳಲ್ಲಿ ಮುಖ್ಯವಾಗಿ ಎರಡು ಜಾತಿ ಕಾಣುತ್ತವೆ. ಒಂದು ದೊಡ್ಡದು. ಕೆಂಪು ಮಿಶ್ರಿತ ಕಂದು ಬಣ್ಣ, ಉದ್ದ ಮೂರೂವರೆಯಿಂದ ನಾಲ್ಕು ಸೆಂಟಿಮೀಟರ್, ಆಗಾಗ ಹಾರಿ ಬಂದು ಮೈಮೇಲೆ ಬೀಳುವುದು ಇದೇ. ಇದರ ಊರು ಚರಂಡಿ, ಚೇಂಬರು, ಬಚ್ಚಲ ಪೈಪು. ಅಡುಗೆಮನೆಗೆ ಬರುವುದು ನೆಂಟರ ಹಾಗೆ, ಬಂದು ಹೋಗುತ್ತದೆ. ಇನ್ನೊಂದು ಸಣ್ಣದು. ಒಂದೂವರೆ ಸೆಂಟಿಮೀಟರ್ ಮೀರುವುದಿಲ್ಲ, ಬಣ್ಣ ತಿಳಿಗಂದು, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಇದನ್ನು ಜರ್ಮನ್ ಜಿರಲೆ ಎನ್ನುತ್ತಾರೆ. ರಾತ್ರಿ ಲೈಟು ಹಾಕಿದ ಕೂಡಲೇ ಗ್ಯಾಸ್ ಒಲೆಯ ಕೆಳಗಿಂದ, ಮಿಕ್ಸಿಯ ಬುಡದಿಂದ ಚಲ್ಲಾಪಿಲ್ಲಿಯಾಗಿ ಓಡುವ ಗುಂಪು ಇದೇ.

ಈ ವ್ಯತ್ಯಾಸ ತಿಳಿದುಕೊಳ್ಳದೆ ಔಷಧಿ ತಂದರೆ ದುಡ್ಡು ದಂಡ. ದೊಡ್ಡ ಜಿರಲೆ ಹೊರಗಿಂದ ಬರುವುದರಿಂದ ಅದು ಬರುವ ದಾರಿ ಮುಚ್ಚಬೇಕು. ಸಿಂಕಿಗೂ ಬಚ್ಚಲಿಗೂ ಸಣ್ಣ ಕಣ್ಣಿನ ಜಾಲರಿ ಹಾಕಿ, ಪೈಪು ಗೋಡೆಯೊಳಗೆ ಹೋಗುವ ತೂತಿಗೆ ಸಿಮೆಂಟೋ ಎಂಸೀಲೋ ತುಂಬಿದರೆ ಮುಕ್ಕಾಲು ಕೆಲಸ ಮುಗಿಯಿತು. ಸಣ್ಣದು ಹಾಗಲ್ಲ, ಅದು ಅಡುಗೆಮನೆಯಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ. ಒಂದು ಹೆಣ್ಣು 30ರಿಂದ 40 ಮೊಟ್ಟೆಗಳ ಚೀಲವೊಂದನ್ನು ಹಿಂಬದಿಗೆ ಅಂಟಿಸಿಕೊಂಡೇ ಓಡಾಡುತ್ತದೆ, ಮರಿಯಾಗುವ ಹೊತ್ತು ಹತ್ತಿರ ಬಂದಾಗಷ್ಟೇ ಬಿಡುತ್ತದೆ. ಆ ಮರಿಗಳು ಸುಮಾರು ಎರಡು ತಿಂಗಳಲ್ಲಿ ಬೆಳೆದು ತಾವೂ ಮೊಟ್ಟೆ ಹಾಕಲು ಸಿದ್ಧ. ಮುಂದೆ ಹೇಳುವುದೆಲ್ಲ ಬಹುಪಾಲು ಈ ಸಣ್ಣ ಜಿರಲೆಯನ್ನು ಕುರಿತೇ.

## ಸ್ಪ್ರೇ: ಕಣ್ಣೆದುರು ಸಾಯುತ್ತದೆ, ಉಳಿದವು ಪಕ್ಕದ ಕೋಣೆಗೆ

ಮನೆಬಳಕೆಯ ಜಿರಲೆ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಎಂಬ ಗುಂಪಿನ ಕೀಟನಾಶಕ. ಸೇವಂತಿಗೆಯ ಜಾತಿಯ ಒಂದು ಹೂವಿನಲ್ಲಿ ಸಹಜವಾಗಿ ಸಿಗುವ ವಿಷವನ್ನು ಮಾದರಿಯಾಗಿಟ್ಟುಕೊಂಡು ಕಾರ್ಖಾನೆಯಲ್ಲಿ ತಯಾರಿಸಿದ್ದು. ಡಬ್ಬಿಯ ಮೇಲೆ ಇಮಿಪ್ರೊಥ್ರಿನ್, ಸೈಪರ್‌ಮೆಥ್ರಿನ್ ಎಂಬ ಹೆಸರುಗಳು ಜೋಡಿಯಾಗಿ ಕಾಣಬಹುದು. ಮೊದಲನೆಯದು ಜಿರಲೆಯನ್ನು ಕ್ಷಣದಲ್ಲಿ ಕೆಡವುತ್ತದೆ, ಎರಡನೆಯದು ಬಿದ್ದದ್ದು ಮತ್ತೆ ಏಳದಂತೆ ನೋಡಿಕೊಳ್ಳುತ್ತದೆ. ನರಗಳಲ್ಲಿ ಸಂದೇಶ ಹರಿಯುವ ಬಾಗಿಲು ತೆರೆದದ್ದು ಮುಚ್ಚದಂತೆ ಈ ವಿಷ ತಡೆಹಿಡಿಯುತ್ತದೆ. ಜಿರಲೆ ಅಂಗಾತ ಬಿದ್ದು ಕಾಲು ಬಡಿಯುವುದು ಅದಕ್ಕೇ.

ತೊಂದರೆ ಇರುವುದು ಎರಡು ಕಡೆ. ಈ ವಿಷದ ವಾಸನೆಯನ್ನು ಜಿರಲೆ ಸಹಿಸುವುದಿಲ್ಲ. ನೇರವಾಗಿ ಬಿದ್ದವು ಸಾಯುತ್ತವೆ. ಸಂದಿಯೊಳಗಿದ್ದವು ಇನ್ನೂ ಆಳಕ್ಕೆ ಸರಿಯುತ್ತವೆ, ಇಲ್ಲವೇ ಹಾಲಿನ ಟಿವಿ ಹಿಂದಕ್ಕೆ, ದೇವರಮನೆಯ ಮಂಟಪದ ಕೆಳಕ್ಕೆ ಹೋಗುತ್ತವೆ. ಹಗಲಲ್ಲಿ ಕಾಣುವ ಹತ್ತು ಜಿರಲೆ ಸತ್ತರೂ ಹದಿನೈದು ದಿನಕ್ಕೆ ಮತ್ತೆ ಅಷ್ಟೇ ಕಾಣಿಸಿಕೊಳ್ಳುವುದು ಈ ಕಾರಣಕ್ಕೆ. ಸಾಲದ್ದಕ್ಕೆ ಜರ್ಮನ್ ಜಿರಲೆಗಳು ಜಗತ್ತಿನ ಅನೇಕ ಕಡೆ ಪೈರೆಥ್ರಾಯ್ಡ್‌ಗೆ ಒಗ್ಗಿಹೋಗಿವೆ.

ಎರಡನೆಯದು ಮಗುವಿನ ವಿಷಯ. ಸ್ಪ್ರೇ ಹೊಡೆದಾಗ ಸಣ್ಣ ಹನಿಗಳು ಸ್ವಲ್ಪ ಹೊತ್ತು ಗಾಳಿಯಲ್ಲಿ ತೇಲಿ ಆಮೇಲೆ ಕೆಳಗೆ ಕೂರುತ್ತವೆ. ಎಲ್ಲಿ ಕೂರುತ್ತವೆ? ನೆಲದ ಮೇಲೆ, ಅಡುಗೆ ಕಟ್ಟೆಯ ಮೇಲೆ, ಬುಟ್ಟಿಯಲ್ಲಿ ಬೋರಲು ಹಾಕಿದ ತಟ್ಟೆ ಲೋಟದ ಮೇಲೆ. ಸಂಜೆ ಆರಕ್ಕೆ ಹೊಡೆದ ಔಷಧಿ ಒಣಗಿ ಕಣ್ಣಿಗೆ ಕಾಣದಂತಾದ ಮೇಲೆ ಏಳಕ್ಕೆ ಮಗು ಅದರ ಮೇಲೆ ಅಂಗೈ ಊರಿಕೊಂಡು ಬರುತ್ತದೆ, ಆ ಅಂಗೈ ಬಾಯಿಗೆ ಹೋಗುತ್ತದೆ. ದಮ್ಮು, ಉಬ್ಬಸದ ತೊಂದರೆ ಇರುವ ಮಗುವಿಗೆ ತೇಲುವ ಹನಿಗಳೇ ಕೆಮ್ಮು ಎಬ್ಬಿಸಬಹುದು.

ಇನ್ನೊಂದನ್ನು ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಯಾರೂ ಓದುವುದಿಲ್ಲ: ಒಳಗಿನ ದ್ರವವನ್ನು ಹೊರದೂಡುವುದು ಬೆಂಕಿ ಹತ್ತುವ ಅನಿಲ. ಗ್ಯಾಸ್ ಒಲೆ ಉರಿಯುತ್ತಿರುವಾಗ ಅಥವಾ ದೇವರ ದೀಪ ಪಕ್ಕದಲ್ಲೇ ಇರುವಾಗ ಒತ್ತಿದರೆ ಬೆಂಕಿಯ ಜ್ವಾಲೆ ಕೈಗೇ ಬರುತ್ತದೆ.

ಹಾಗಂತ ಸ್ಪ್ರೇಗೆ ಜಾಗವೇ ಇಲ್ಲವೆಂದಲ್ಲ. ಅದರ ಜಾಗ ಹೊರಗಿನ ಚೇಂಬರು. ಮುಚ್ಚಳ ತೆಗೆದು ಒಳಗೋಡೆಗೆ ಹೊಡೆದು ಮುಚ್ಚಿದರೆ ದೊಡ್ಡ ಜಿರಲೆಗಳಿಗೆ ಸಾಕು, ಮಗು ಅಲ್ಲಿಗೆ ಹೋಗುವುದಿಲ್ಲ. ಅಡುಗೆಮನೆಯಲ್ಲಿ ಒಂದೇ ಒಂದು ಜಿರಲೆ ಕಂಡಿತೆಂದು ಡಬ್ಬಿ ಹುಡುಕುವುದಕ್ಕಿಂತ ಪಾತ್ರೆ ತೊಳೆಯುವ ಲಿಕ್ವಿಡ್ಡು ಒಂದು ಚಮಚವನ್ನು ಒಂದು ಚೊಂಬು ನೀರಿಗೆ ಕಲಸಿ ಅದರ ಮೇಲೆ ಸುರಿಯಿರಿ. ಜಿರಲೆ ಉಸಿರಾಡುವುದು ಮೈಯ ಪಕ್ಕದ ಸಣ್ಣ ತೂತುಗಳಿಂದ. ಬರೀ ನೀರು ಅಲ್ಲಿ ಜಾರಿಹೋಗುತ್ತದೆ, ಸೋಪಿನ ನೀರು ಒಳಹೊಕ್ಕು ಮುಚ್ಚಿಬಿಡುತ್ತದೆ. ಚಪ್ಪಲಿಯೂ ಇದ್ದೇ ಇದೆ.

## ಚಾಕ್‌ಪೀಸು: ಬಳಪ ತಿನ್ನುವ ಊರಲ್ಲಿ ಇದು ಬೇಡ

ಜನ ಯಾವ ಕಂಪನಿಯದಾದರೂ "ಲಕ್ಷ್ಮಣ ರೇಖೆ" ಎಂದೇ ಕರೆಯುವ ಈ ಚಾಕ್‌ಪೀಸಿನಲ್ಲಿ ಇರುವುದೂ ಪೈರೆಥ್ರಾಯ್ಡೇ, ಡೆಲ್ಟಾಮೆಥ್ರಿನ್ ಅಥವಾ ಸೈಪರ್‌ಮೆಥ್ರಿನ್. ಸೀಮೆಸುಣ್ಣದ ಪುಡಿಯೊಳಗೆ ಕಲಸಿ ಕಡ್ಡಿ ಮಾಡಿರುತ್ತಾರೆ. ಗೆರೆ ದಾಟುವಾಗ ಪುಡಿ ಕಾಲಿಗೆ ಅಂಟಬೇಕು, ಅಲ್ಲಿಂದ ಮೈಗೆ ಇಳಿಯಬೇಕು. ಇರುವೆಗೆ ಇದು ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಇರುವೆ ಸಾಲುಗಟ್ಟಿ ಒಂದೇ ದಾರಿಯಲ್ಲಿ ಬರುತ್ತದೆ. ಜಿರಲೆಗೆ ದಾರಿಯೆಂಬುದು ಗೋಡೆಯ ಅಂಚು, ಬಾಗಿಲ ಸಂದು, ಕಪಾಟಿನ ಮೇಲ್ಭಾಗ, ಎಲ್ಲವೂ. ಗೆರೆ ತಪ್ಪಿಸಿ ಹೋಗಲು ಅದಕ್ಕೆ ಕಷ್ಟವಿಲ್ಲ.

ಸೋಲಿನ ದೊಡ್ಡ ಕಾರಣ ನೀರು. ನಮ್ಮಲ್ಲಿ ದಿನಕ್ಕೊಮ್ಮೆ ನೆಲ ಒರೆಸುತ್ತಾರೆ. ಗೋಡೆಯ ಬುಡದಲ್ಲಿ ಎಳೆದ ಗೆರೆ ಒರೆಸುವ ಬಟ್ಟೆಗೆ ಹತ್ತಿ, ಬಕೆಟ್ಟಿನ ನೀರಿಗೆ ಇಳಿದು, ಅದೇ ಬಟ್ಟೆಯಿಂದ ಮನೆಯ ಎಲ್ಲ ನೆಲಕ್ಕೂ ತೆಳುವಾಗಿ ಬಳಿದುಹೋಗುತ್ತದೆ. ಮೂಲೆಯಲ್ಲಿದ್ದ ವಿಷ ಮಗು ಆಡುವ ಹಾಲಿನ ನಡುವಿಗೆ ಬಂತು, ಜಿರಲೆಗೆ ಗೆರೆಯೂ ಇಲ್ಲದಂತಾಯಿತು. ಗೆರೆ ಮಾಸಿತೆಂದು ಮನೆಯವರು ಮತ್ತೆ ಎಳೆಯುತ್ತಾರೆ, ಮರುದಿನ ಮತ್ತೆ ಅದೇ ಕಥೆ.

ಇದಕ್ಕಿಂತ ಹೆಚ್ಚಿನ ಭಯ ಕಡ್ಡಿಯದೇ. ಶಾಲೆಗೆ ಹೋಗುವ ಮಕ್ಕಳು ಬಳಪ ಕಡಿಯುವುದು ನಮ್ಮ ಕಡೆ ಹೊಸದಲ್ಲ. ಅಕ್ಕ ಬಳಪ ತಿನ್ನುವುದನ್ನು ನೋಡಿದ ಎರಡು ವರ್ಷದ ತಮ್ಮನಿಗೆ ಕಿಟಕಿಯ ಮೇಲೆ ಸಿಕ್ಕ ಬಿಳಿ ಕಡ್ಡಿಯೂ ಬಳಪವೇ. ಬೋರ್ಡಿನ ಚಾಕ್‌ಪೀಸಿಗೂ ಇದಕ್ಕೂ ರೂಪದಲ್ಲಿ ವ್ಯತ್ಯಾಸವಿಲ್ಲ. ಅರ್ಧ ಬಳಸಿದ ತುಂಡು ರಟ್ಟಿನ ಡಬ್ಬಿಯಿಂದ ಆಚೆ ಬಂದು ರಂಗೋಲಿ ಡಬ್ಬಿಯ ಪಕ್ಕಕ್ಕೋ ವಿಭೂತಿ ಗಟ್ಟಿಯ ಪಕ್ಕಕ್ಕೋ ಹೋಗಿ ಕೂತರೆ ದೊಡ್ಡವರಿಗೇ ಗುರುತು ಸಿಗುವುದಿಲ್ಲ. ಅಮೆರಿಕದಲ್ಲಿ ಇಂಥ ಕೀಟನಾಶಕ ಚಾಕ್ ಮಾರುವುದು ಕಾನೂನುಬಾಹಿರ, ಅಲ್ಲಿನ ಪರಿಸರ ಇಲಾಖೆ ಕೊಡುವ ಮುಖ್ಯ ಎಚ್ಚರಿಕೆಯೂ ಮಕ್ಕಳು ಇದನ್ನು ಬರೆಯುವ ಚಾಕ್ ಎಂದುಕೊಳ್ಳುತ್ತಾರೆ ಎಂಬುದೇ. ನಮ್ಮಲ್ಲಿ ಮಾರಾಟಕ್ಕೆ ಅನುಮತಿ ಇದೆ. ಸಣ್ಣ ಮಗುವಿರುವ ಮನೆಗೆ ಮಾತ್ರ ಇದನ್ನು ತರದಿರುವುದೇ ಸರಿ.

## ಜೆಲ್: ಊಟದ ರೂಪದ ವಿಷ

ಜೆಲ್ ಎಂದರೆ ಜಿರಲೆಗೆ ಇಷ್ಟವಾಗುವ ಸಿಹಿ, ಹಿಟ್ಟು, ಜಿಡ್ಡಿನ ಪಾಕ, ಅದರಲ್ಲಿ ಅತಿ ಸ್ವಲ್ಪ ವಿಷ. ಹಬೆಯಿಲ್ಲ, ಮನುಷ್ಯರಿಗೆ ಗೊತ್ತಾಗುವಷ್ಟು ವಾಸನೆಯೂ ಇಲ್ಲ. ಹಚ್ಚಿದ ಜಾಗದಲ್ಲೇ ಇರುತ್ತದೆ, ಜಿರಲೆಯೇ ಹುಡುಕಿಕೊಂಡು ಬಂದು ತಿನ್ನಬೇಕು. ಇಲ್ಲಿ ಸಾಮಾನ್ಯವಾಗಿ ಸಿಗುವುದು 0.05% ಫಿಪ್ರೊನಿಲ್ ಇರುವ ಜೆಲ್. 2.15% ಇಮಿಡಾಕ್ಲೋಪ್ರಿಡ್ ಇರುವುದೂ ಇದೆ. ಶೇಕಡಾ ನೋಡಿ ಎರಡನೆಯದು 43 ಪಟ್ಟು ಜೋರು ಎಂದುಕೊಳ್ಳಬೇಡಿ. ಬೇರೆ ಬೇರೆ ವಿಷಗಳ ತೀವ್ರತೆ ಬೇರೆ, ಮೆಣಸಿನಪುಡಿಯನ್ನೂ ಉಪ್ಪನ್ನೂ ಚಮಚದ ಲೆಕ್ಕದಲ್ಲಿ ಹೋಲಿಸಿದ ಹಾಗಾಗುತ್ತದೆ.

ಫಿಪ್ರೊನಿಲ್ ಕೆಲಸ ಮಾಡುವುದು ನರಗಳ ಬ್ರೇಕಿನ ಮೇಲೆ. ನರದ ಆವೇಗವನ್ನು ತಗ್ಗಿಸುವ ವ್ಯವಸ್ಥೆಯೊಂದು ಕೀಟಗಳಿಗೂ ಇದೆ, ನಮಗೂ ಇದೆ. ಫಿಪ್ರೊನಿಲ್ ಅದನ್ನು ಮುಚ್ಚುತ್ತದೆ, ಆದರೆ ಕೀಟದ ಬ್ರೇಕಿಗೆ ಅದು ಅಂಟಿಕೊಳ್ಳುವಷ್ಟು ಬಲವಾಗಿ ಮನುಷ್ಯರ ಬ್ರೇಕಿಗೆ ಅಂಟುವುದಿಲ್ಲ. ಸಣ್ಣ ಪ್ರಮಾಣ ಜಿರಲೆಗೆ ಸಾಕಾಗುವುದು ಇದರಿಂದ.

ತಿಂದ ಕೂಡಲೇ ಜಿರಲೆ ಸಾಯುವುದಿಲ್ಲ, ಇದೇ ಜೆಲ್‌ನ ಗುಟ್ಟು. ಅದು ತನ್ನ ಸಂದಿಗೆ ವಾಪಸು ಹೋಗುತ್ತದೆ, ಅಲ್ಲಿ ಹಿಕ್ಕೆ ಹಾಕುತ್ತದೆ, ಆಮೇಲೆ ಸಾಯುತ್ತದೆ. ಹೊರಗೆ ಬಾರದ ಮರಿಗಳು ದೊಡ್ಡವುಗಳ ಹಿಕ್ಕೆ ತಿಂದೇ ಬೆಳೆಯುವವು. ಸತ್ತ ಜಿರಲೆಯನ್ನೂ ಉಳಿದವು ತಿನ್ನುತ್ತವೆ. ಹೀಗೆ ಒಂದು ತಿಂದ ವಿಷ ಇನ್ನೂ ಕೆಲವಕ್ಕೆ ತಲುಪುತ್ತದೆ. ಸ್ಪ್ರೇ ಎಂದೂ ಮುಟ್ಟದ ಮರಿಗಳು ಸಾಯುವುದು ಈ ದಾರಿಯಲ್ಲಿ.

## ಎಷ್ಟು ವಿಷ, ಎಲ್ಲಿ: ಒಂದು ಲೆಕ್ಕ

ಹತ್ತಕ್ಕೆ ಎಂಟು ಅಡಿಯ ಅಡುಗೆಮನೆ ಎಂದಿಟ್ಟುಕೊಳ್ಳೋಣ. ಹೆಸರುಕಾಳಿನ ಗಾತ್ರದ ಜೆಲ್ ಹನಿ ಸುಮಾರು 0.03 ಗ್ರಾಂ ತೂಗುತ್ತದೆ. ಅಂಥ 24 ಹನಿ ಹಚ್ಚಿದರೆ ಜೆಲ್ ಮುಕ್ಕಾಲು ಗ್ರಾಮಿನಷ್ಟಾಯಿತು. ಅದರಲ್ಲಿರುವ ಫಿಪ್ರೊನಿಲ್ ಹೆಚ್ಚುಕಡಿಮೆ 0.36 ಮಿಲಿಗ್ರಾಂ, ಅದೂ ಇಪ್ಪತ್ನಾಲ್ಕು ಸಂದಿಗಳಲ್ಲಿ ಹಂಚಿಹೋಗಿದೆ.

ಅದೇ ಅಡುಗೆಮನೆಗೆ 0.2% ಸೈಪರ್‌ಮೆಥ್ರಿನ್ ಇರುವ ಸ್ಪ್ರೇಯನ್ನು 20 ಸೆಕೆಂಡು ಹೊಡೆದಿರಿ ಎನ್ನಿ. ಸೆಕೆಂಡಿಗೆ ಒಂದೇ ಗ್ರಾಂ ಹೊರಬಂದರೂ 20 ಗ್ರಾಂ ದ್ರವ, ಅಂದರೆ 40 ಮಿಲಿಗ್ರಾಂ ವಿಷ ತೆರೆದ ಜಾಗದಲ್ಲಿ ಹರಡಿತು. 0.5% ಡೆಲ್ಟಾಮೆಥ್ರಿನ್ ಇರುವ ಚಾಕ್‌ಪೀಸನ್ನು ಒಂದು ಗ್ರಾಂ ಸವೆಯುವಷ್ಟು ಎಳೆದರೆ 5 ಮಿಲಿಗ್ರಾಂ. ವಿಷಗಳು ಬೇರೆಯಾದ್ದರಿಂದ ಈ ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಇಷ್ಟೇ ಪಟ್ಟು ಅಪಾಯ ಎನ್ನಲಾಗದು. ತೂಕಕ್ಕೆ ತೂಕ ನೋಡಿದರೆ ಫಿಪ್ರೊನಿಲ್ಲೇ ಹೆಚ್ಚು ತೀಕ್ಷ್ಣ. ಜೆಲ್ ಗೆಲ್ಲುವುದು ಪ್ರಮಾಣದಲ್ಲಿ ಮತ್ತು ಜಾಗದಲ್ಲಿ.

ಹಾಗಾಗಿ ಜೆಲ್ ಮನೆಯಲ್ಲಿ ನಿಜವಾಗಿ ಕಾಯಬೇಕಾದ್ದು ಹಚ್ಚಿದ ಹನಿಯನ್ನಲ್ಲ, ಉಳಿದ ಕೊಳವೆಯನ್ನು. 35 ಗ್ರಾಮಿನ ಕೊಳವೆಯಲ್ಲಿ 17.5 ಮಿಲಿಗ್ರಾಂ ಫಿಪ್ರೊನಿಲ್ ಇರುತ್ತದೆ, ನಾವು ಹಚ್ಚಿದ್ದರ ಐವತ್ತು ಪಟ್ಟಿಗೆ ಹತ್ತಿರ. ನೋಡಲು ಚಾಕಲೇಟು ಪೇಸ್ಟಿನ ಹಾಗೆ, ಕೈಯಲ್ಲಿ ಹಿಡಿದರೆ ಆಟದ ಡಾಕ್ಟರ್ ಸೆಟ್ಟಿನ ಸಿರಿಂಜಿನ ಹಾಗೆ. ಚಮಚ ಇಡುವ ಡ್ರಾಯರಿಗೆ ಎಸೆಯಬೇಡಿ. ಟೋಪಿ ಬಿಗಿದು, ಅದರದೇ ರಟ್ಟಿನ ಡಬ್ಬಿಯೊಳಗಿಟ್ಟು, ಬೀಗ ಹಾಕುವ ಅಲ್ಮೇರಾದ ಮೇಲ್ಗಡೆ ಇಡಿ. ಡಬ್ಬಿ ಬೇಕೇ ಬೇಕು, ಮುಂದೆ ಡಾಕ್ಟರಿಗೆ ತೋರಿಸಬೇಕಾಗಿ ಬಂದರೆ ಔಷಧಿಯ ಹೆಸರು ಅದರ ಮೇಲೆಯೇ ಇರುವುದು.

## ಒಂದು ಅಡುಗೆಮನೆಯಲ್ಲಿ ಹಚ್ಚುವ ಬಗೆ

ಹತ್ತು ತಿಂಗಳ ಮಗು, ಅಂಬೆಗಾಲು, ಹಿಡಿದುಕೊಂಡು ಎದ್ದು ನಿಲ್ಲುವುದನ್ನು ಈಗಷ್ಟೇ ಕಲಿತಿದೆ. ಅದರ ಕೈ ನೆಲದಿಂದ ಎರಡೂವರೆ ಅಡಿವರೆಗೆ ಎಟಕುತ್ತದೆ. ಅಡುಗೆ ಕಟ್ಟೆಯ ಕೆಳಗೆ ಕಡಪ ಕಲ್ಲಿನ ಅಂಕಣಗಳು, ಒಂದಕ್ಕೂ ಬಾಗಿಲಿಲ್ಲ. ಒಂದರಲ್ಲಿ ಸಿಲಿಂಡರು, ಒಂದರಲ್ಲಿ ಅಕ್ಕಿ ಡ್ರಮ್ಮು, ಸಿಂಕಿನ ಕೆಳಗೆ ಕಸದ ಬುಟ್ಟಿ. ದಾವಣಗೆರೆಯ ಹಳೇ ಬಡಾವಣೆಗಳ ಎಷ್ಟೋ ಮನೆಗಳ ನಕ್ಷೆ ಇದೇ.

ಹಚ್ಚುವ ಹಿಂದಿನ ರಾತ್ರಿ ಹನ್ನೊಂದರ ಮೇಲೆ ಅಡುಗೆಮನೆ ಲೈಟು ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚು ಹಿಡಿದು ಹೋಗಿ. ಜಿರಲೆ ಎಲ್ಲಿಂದ ಓಡಿದವು ಎನ್ನುವುದಕ್ಕಿಂತ ಎಲ್ಲಿಗೆ ನುಗ್ಗಿದವು ಎಂದು ನೋಡಿ. ಅಲ್ಲೇ ಅವುಗಳ ಗೂಡು. ಹಗಲಲ್ಲಿ ಅದೇ ಸಂದಿಯ ಬಾಯಲ್ಲಿ ಕಾಳುಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಕಾಣುತ್ತವೆ. ಅದು ಹಿಕ್ಕೆ. ರಾತ್ರಿ ಟಾರ್ಚಿನ ಬೆಳಕಿಗೆ ಕಂಡ ಜಿರಲೆಗಳನ್ನು ಎಣಿಸಿ, ಆ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ.

ಮರುದಿನ ಸಂಜೆ ಮುಸುರೆ ಪಾತ್ರೆಗಳನ್ನೆಲ್ಲ ತೊಳೆದು, ಒಲೆಯ ಕೆಳಗಿನ ಜಿಡ್ಡು ಕೆರೆದು ತೆಗೆದು, ಕಸದ ಬುಟ್ಟಿ ಹೊರಗಿಡಿ. ಜೆಲ್ಲೂ ಒಂದು ಊಟ, ಪಕ್ಕದಲ್ಲಿ ಸಾರಿನ ಪಾತ್ರೆ ತೆರೆದಿದ್ದರೆ ಜಿರಲೆ ಅದಕ್ಕೇ ಹೋಗುತ್ತದೆ. ಒರೆಸಲು ಸೋಪಿನ ನೀರು ಸಾಕು. ಅಂದು ಫಿನಾಯಿಲ್ ಬೇಡ, ಅದರ ಘಾಟು ಜಿರಲೆಯನ್ನು ದೂರವಿಡುತ್ತದೆ. ಸಂದಿ ಒಣಗಿರಬೇಕು, ಒದ್ದೆ ಜಾಗಕ್ಕೂ ಜಿಡ್ಡಿನ ಜಾಗಕ್ಕೂ ಜೆಲ್ ಅಂಟುವುದಿಲ್ಲ.

ಮಗು ಮಲಗಿದ ಮೇಲೆ ಕೈಗೆ ಗ್ಲೌಸು ಹಾಕಿಕೊಂಡು ಹಚ್ಚಿ. ಎರಡೂವರೆ ಅಡಿಗಿಂತ ಮೇಲೆ ಕೆಲಸ ಸುಲಭ: ಕಟ್ಟೆ ಗೋಡೆಗೆ ಸೇರುವ ಬಿರುಕಿನಲ್ಲಿ ಒಲೆಯಿಂದ ಒಂದಡಿ ದೂರಕ್ಕೆ ಮೂರು ಹನಿ, ಮೇಲಿನ ಕಪಾಟುಗಳ ಬಾಗಿಲ ಕೀಲಿನ ಒಳಮಗ್ಗುಲಿಗೆ ನಾಲ್ಕು. ಒಲೆಗೆ ಅಂಟಿಸಿದ ಹಾಗೆ ಹಚ್ಚಿದರೆ ಕಾವಿಗೆ ಎರಡೇ ದಿನದಲ್ಲಿ ಒಣಗಿ ಹಕ್ಕಳೆಯಾಗುತ್ತದೆ.

ಎರಡೂವರೆ ಅಡಿಯ ಕೆಳಗೆ ಒಂದು ಪರೀಕ್ಷೆ ಮಾಡಿಕೊಳ್ಳಿ. ಹಳೇ ಎಟಿಎಂ ಕಾರ್ಡು ತೂರಬೇಕು, ನಿಮ್ಮ ಕಿರುಬೆರಳ ತುದಿ ತೂರಬಾರದು. ಅಂಥ ಸಂದಿಯಾದರೆ ಮಗುವಿನ ಬೆರಳು ಬಹುತೇಕ ಆಳಕ್ಕೆ ಹೋಗುವುದಿಲ್ಲ, ಜಿರಲೆಗೆ ಮಾತ್ರ ಅದೇ ಇಷ್ಟ. ಬೆಳೆದ ಜರ್ಮನ್ ಜಿರಲೆ ಹೊಟ್ಟೆಯೂ ಬೆನ್ನೂ ಎರಡು ಕಡೆ ತಾಗುವ, ಸುಮಾರು ಅರ್ಧ ಸೆಂಟಿಮೀಟರಿನ ಸಂದಿಯನ್ನೇ ಆರಿಸಿಕೊಳ್ಳುತ್ತದೆ. ಕೊಳವೆಯ ಮೂತಿಯನ್ನು ಸಂದಿಯೊಳಗೆ ತೂರಿಸಿ ಒತ್ತಿ, ಅಂಚಿಗೆ ಬಳಿಯಬೇಡಿ. ಕಡಪ ಕಲ್ಲು ಗೋಡೆಗೆ ಸೇರುವ ಹಿಂಬದಿಯ ಸಂದಿಗಳಿಗೆ ಆರು ಹನಿ, ಸಿಂಕಿನ ತಳ ಕಲ್ಲಿಗೆ ಕೂರುವ ಅಂಚಿನ ಒಳಗೂ ಪೈಪು ಗೋಡೆ ಹೊಕ್ಕುವ ಜಾಗದಲ್ಲೂ ಐದು, ಸಿಲಿಂಡರಿನ ಹಿಂದಿನ ಮೂಲೆಯ ಬಿರುಕಿಗೆ ಎರಡು. ಫ್ರಿಜ್ಜನ್ನು ಪ್ಲಗ್ ತೆಗೆದು ಮುಂದೆಳೆದು, ಹಿಂದಿನ ಮೋಟಾರಿನ ಸುತ್ತಲಿನ ಚೌಕಟ್ಟಿಗೆ ನಾಲ್ಕು ಹಚ್ಚಿ ಗೋಡೆಗೆ ಒತ್ತಿ ನಿಲ್ಲಿಸಿ. ಬೆಚ್ಚಗಿನ ಮೋಟಾರು ಈ ಜಿರಲೆಗಳ ಅಚ್ಚುಮೆಚ್ಚಿನ ಠಾವು. ಸ್ವಿಚ್ ಬೋರ್ಡಿನೊಳಗೆ ಮಾತ್ರ ಎಂದೂ ಹಚ್ಚಬೇಡಿ. ಒಟ್ಟು ಇಪ್ಪತ್ನಾಲ್ಕು ಆಯಿತು.

ಸಂದಿ ಅಗಲವಾಗಿದ್ದರೆ? ಜ್ಯೂಸು ಕುಡಿಯುವ ಸ್ಟ್ರಾವನ್ನು ಒಂದು ಇಂಚು ಕತ್ತರಿಸಿ, ನಡುವೆ ಒಂದು ಹನಿ ಬಿಟ್ಟು, ಅದನ್ನು ಕಡಪ ಕಲ್ಲಿನ ತಳಭಾಗಕ್ಕೆ ಆದಷ್ಟು ಹಿಂದೆ ಟೇಪಿನಿಂದ ಬಿಗಿಯಾಗಿ ಅಂಟಿಸಿ. ಜಿರಲೆ ಒಳಹೊಕ್ಕು ತಿನ್ನುತ್ತದೆ. ಟೇಪು ಕಿತ್ತು ಬಂದರೆ ಸ್ಟ್ರಾ ನೆಲಕ್ಕೆ ಬೀಳುತ್ತದೆ, ಆದ್ದರಿಂದ ದಿನಾ ಬೆಳಗ್ಗೆ ಗುಡಿಸುವಾಗ ಒಮ್ಮೆ ಕಣ್ಣಾಡಿಸಬೇಕು. ಗಾತ್ರ ಮತ್ತು ಹನಿಗಳ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ನಿಮ್ಮ ಡಬ್ಬಿಯ ಮೇಲೆ ಬರೆದದ್ದೇ ಕೊನೆಯ ಮಾತು.

ಮುಂದಿನ ಎರಡು ಮೂರು ದಿನ ಸತ್ತ ಜಿರಲೆಗಳು ನಡುಮನೆಯಲ್ಲೂ ಅಂಗಾತ ಬಿದ್ದಿರುತ್ತವೆ, ಕೆಲವು ಹಗಲಲ್ಲೇ ತೂರಾಡಿಕೊಂಡು ಬರುತ್ತವೆ. ಜೆಲ್ ಹಾಕಿದ ಮೇಲೆ ಜಿರಲೆ ಜಾಸ್ತಿಯಾಯಿತು ಎಂದು ಜನ ಹೆದರುವುದು ಈ ಹಂತದಲ್ಲೇ. ಮಗು ಏಳುವ ಮುಂಚೆ ಗುಡಿಸಿ ತೆಗೆಯಿರಿ, ಆ ಜಿರಲೆಯನ್ನು ಮಗು ಬಾಯಿಗಿಡಬಾರದು. ಸಂದಿಯೊಳಗೆ ಸತ್ತದ್ದನ್ನು ಕೆದಕಿ ತೆಗೆಯಬೇಡಿ, ಅದು ಉಳಿದವಕ್ಕೆ ವಿಷದೂಟ. ಏಳನೇ ರಾತ್ರಿ ಮತ್ತೆ ಟಾರ್ಚು ಹಿಡಿದು ಎಣಿಸಿದರೆ ಕ್ಯಾಲೆಂಡರಿನ ಸಂಖ್ಯೆಗಿಂತ ಎದ್ದು ಕಾಣುವಷ್ಟು ಕಡಿಮೆಯಾಗಿರಬೇಕು.

ಹದಿನೈದನೇ ದಿನ, ಆಮೇಲೆ ತಿಂಗಳಿಗೆ, ತಿಂದು ಖಾಲಿಯಾದ ಜಾಗಗಳಿಗೆ ಮತ್ತೆ ಹಚ್ಚಿ. ಇದನ್ನು ಬಿಟ್ಟರೆ ಮೊದಲ ಸಲದ ಶ್ರಮ ಹೋಯಿತು. ಮೊಟ್ಟೆಯ ಚೀಲಕ್ಕೆ ಜೆಲ್ ತಾಗುವುದಿಲ್ಲ. ತಾಯಿ ಸಾಯುವಾಗ ಉದುರಿಸಿದ ಬಲಿತ ಚೀಲದಿಂದ ಮರಿಗಳು ಹೊರಬರಬಹುದು, ಬಂದವಕ್ಕೆ ತಾಜಾ ಜೆಲ್ ಎದುರಾಗಬೇಕು.

## ಜೆಲ್ ಸೋತರೆ ಕಾರಣ ಹುಡುಕಿ

ಹತ್ತು ದಿನವಾದರೂ ಹನಿಗಳು ಹಚ್ಚಿದ ಹಾಗೇ ಇವೆ, ಜಿರಲೆಯೂ ಇದೆ. ಮೊದಲ ಅನುಮಾನ ಸ್ಪ್ರೇ ಮೇಲೆ. ಹಿಂದಿನ ವಾರ ಅದೇ ಸಂದಿಗೆ ಸ್ಪ್ರೇ ಹೊಡೆದಿದ್ದರೆ ಅಥವಾ ಜೆಲ್ ಹಚ್ಚಿದ ಮೇಲೆ ತಡೆಯಲಾರದೆ ಯಾರಾದರೂ ಒಮ್ಮೆ ಬುಸ್ಸೆನಿಸಿದ್ದರೆ, ಆ ವಾಸನೆಗೆ ಜಿರಲೆ ಜೆಲ್ ಹತ್ತಿರ ಸುಳಿಯುವುದಿಲ್ಲ. ಎರಡೂ ಸೇರಿದರೆ ಬಲ ಹೆಚ್ಚು ಎಂಬ ಎಣಿಕೆ ಇಲ್ಲಿ ಪೂರ್ತಿ ತಿರುವುಮುರುವು. ಚಾಕ್‌ಪೀಸಿನ ಗೆರೆಯೂ ಅಷ್ಟೇ. ಜೆಲ್ ಹಚ್ಚುವ ಮನೆಯಲ್ಲಿ ಉಳಿದೆರಡನ್ನೂ ಒಳಗೆ ಮುಟ್ಟಬಾರದು, ಹಳೆಯ ಸ್ಪ್ರೇ ಬಿದ್ದ ಜಾಗವನ್ನು ಸೋಪಿನ ನೀರಲ್ಲಿ ಒರೆಸಿ ಒಣಗಿಸಿಯೇ ಹಚ್ಚಬೇಕು.

ಹನಿ ಗಟ್ಟಿಯಾಗಿ ಹಲ್ಲಿಲ್ಲದವರಿಗೆ ಕೊಟ್ಟ ಕಡಲೆಯಂತಾಗಿದ್ದರೆ ಅದನ್ನು ಕೆರೆದು ತೆಗೆದು ಹೊಸದು ಹಚ್ಚಿ. ನಮ್ಮ ಏಪ್ರಿಲ್ ಮೇ ಬಿಸಿಲಿಗೆ ಇದು ಬೇಗ ಆಗುತ್ತದೆ. ಹನಿಯ ಮೇಲೆ ಇರುವೆ ಮುತ್ತಿದ್ದರೆ ಮೊದಲು ಇರುವೆಯ ದಾರಿ ಮುಚ್ಚಬೇಕು, ಇಲ್ಲವಾದರೆ ಜಿರಲೆಯ ಪಾಲು ಇರುವೆಗೆ.

ಇವೆಲ್ಲ ಸರಿಯಿದ್ದೂ ಜಿರಲೆ ಹತ್ತಿರ ಬಂದು ಮೂಸಿ ಹಿಂದೆ ಸರಿಯುವುದನ್ನು ಕಣ್ಣಾರೆ ಕಂಡರೆ ಬೇರೆ ವಿಷದ, ಬೇರೆ ಪಾಕದ ಜೆಲ್ ತನ್ನಿ. ಗ್ಲೂಕೋಸ್ ಸಿಹಿಯನ್ನೇ ತಿರಸ್ಕರಿಸುವ ಜರ್ಮನ್ ಜಿರಲೆಗಳು ಅಮೆರಿಕದ ಫ್ಲೋರಿಡಾದಲ್ಲಿ ಕಂಡುಬಂದದ್ದು 1993ರಲ್ಲಿ ವರದಿಯಾಯಿತು. ಅವುಗಳ ನಾಲಿಗೆಗೆ ಗ್ಲೂಕೋಸು ಕಹಿಯಾಗಿ ತಾಗುತ್ತದೆ ಎಂದು 2013ರಲ್ಲಿ ವಿಜ್ಞಾನಿಗಳು ತೋರಿಸಿದರು. ಸಿಹಿ ಜೆಲ್ ತಿಂದವು ಸತ್ತವು, ತಿನ್ನದವು ಸಂತಾನ ಬೆಳೆಸಿದವು, ಅಷ್ಟೇ ಕಥೆ.

## ಗದ್ದೆಯ ಔಷಧಿ ಅಡುಗೆಮನೆಗೆ ಬೇಡ

ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುವ ಮನೆಗಳಲ್ಲಿ ಕಾಂಡಕೊರಕಕ್ಕೆ ತಂದ ಫಿಪ್ರೊನಿಲ್ ಅರ್ಧ ಬಾಟಲಿ ಉಳಿದಿರುವುದುಂಟು. ಹೆಸರು ಒಂದೇ ಅಲ್ಲವೇ, ಸಕ್ಕರೆ ಕಲಸಿ ಇಟ್ಟರಾಯಿತು ಎಂದು ಯಾರಿಗಾದರೂ ಹೊಳೆಯಬಹುದು. ಗದ್ದೆಯ ದ್ರಾವಣ 5%, ಜೆಲ್ 0.05%. ನೂರು ಪಟ್ಟು ವ್ಯತ್ಯಾಸ. ಜೆಲ್‌ನ ಎರಡು ಚಮಚಕ್ಕೆ ಸಮನಾದ ವಿಷ ಗದ್ದೆ ಔಷಧಿಯ ಕೆಲವೇ ತೊಟ್ಟಿನಲ್ಲಿದೆ. ಕೆಲವು ಕಂಪನಿಗಳು ಜೆಲ್‌ಗೆ ಮಕ್ಕಳು ಉಗಿದುಬಿಡಲೆಂದೇ ಬಾಯಿ ಕಹಿಯಾಗಿಸುವ ಪದಾರ್ಥ ಬೆರೆಸುತ್ತವೆ. ಮನೆಯಲ್ಲಿ ಕಲಸಿದ ಸಕ್ಕರೆ ಪಾಕದಲ್ಲಿ ಅದೂ ಇರುವುದಿಲ್ಲ. ಬೋರಿಕ್ ಪುಡಿ, ಗೋಧಿಹಿಟ್ಟು, ಸಕ್ಕರೆ ಸೇರಿಸಿ ಕಟ್ಟುವ ಉಂಡೆಗೂ ಇದೇ ತಕರಾರು. ಮೂಲೆಯಲ್ಲಿ ಕೂತ ಆ ಉಂಡೆ ಮಗುವಿನ ಕಣ್ಣಿಗೆ ತಿಂಡಿಯೇ.

ಕೊಳ್ಳುವಾಗ ಲೇಬಲ್ಲಿನ ಮೇಲಿನ ಬಣ್ಣದ ಗುರುತು ನೋಡಿ. ನಮ್ಮ ಕೀಟನಾಶಕ ನಿಯಮದ ಪ್ರಕಾರ ಕೆಂಪು ಅತಿ ತೀವ್ರ ವಿಷಕ್ಕೆ, ಹಳದಿ ಅದರ ಕೆಳಗಿನದಕ್ಕೆ, ನೀಲಿ ಮಧ್ಯಮಕ್ಕೆ, ಹಸಿರು ಎಲ್ಲಕ್ಕಿಂತ ಕಡಿಮೆಗೆ. ಕೆಂಪು ಹಳದಿಯದು ಮನೆಯೊಳಕ್ಕೆ ಬೇಡ. ಲೇಬಲ್ಲೇ ಇಲ್ಲದೆ ಸಂತೆಯಲ್ಲಿ ಬಿಡಿಯಾಗಿ ಮಾರುವ ಬಾಟಲಿ, ಪೊಟ್ಟಣಗಳೂ ಬೇಡ. ಒಳಗೇನಿದೆ ಎಂದು ಗೊತ್ತಿಲ್ಲದಿದ್ದರೆ ಡಾಕ್ಟರು ಕೂಡ ಊಹೆಯ ಮೇಲೆ ಚಿಕಿತ್ಸೆ ಮಾಡಬೇಕಾಗುತ್ತದೆ.

## ಬಾಯಿಗೆ ಹೋಯಿತು ಎಂದಾದರೆ

ಮೊದಲು ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಮಗುವಿನ ಬಾಯೊಳಗೆ ಉಳಿದದ್ದನ್ನು ಒರೆಸಿ ತೆಗೆಯಿರಿ, ಕೈ ಮುಖ ಸೋಪಿನಲ್ಲಿ ತೊಳೆಯಿರಿ. ಉಪ್ಪು ನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಸ್ಪ್ರೇಗಳಲ್ಲಿ ಸೀಮೆಎಣ್ಣೆ ಜಾತಿಯ ದ್ರಾವಕ ಇರುವುದುಂಟು, ವಾಂತಿಯ ಜೊತೆ ಅದು ಶ್ವಾಸಕೋಶಕ್ಕೆ ಇಳಿದರೆ ವಿಷಕ್ಕಿಂತ ಅದೇ ದೊಡ್ಡ ಪೆಟ್ಟು. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ಹರಿಯುವ ಶುದ್ಧ ನೀರು ಬಿಡುತ್ತಿರಿ. ಸ್ಪ್ರೇ ಅಥವಾ ಚಾಕ್ ಪುಡಿ ಹತ್ತಿದ ಚರ್ಮ ಜುಮುಜುಮು ಅಥವಾ ಉರಿ ಎನ್ನಿಸಿ ಮಗು ಕೆನ್ನೆ ಉಜ್ಜಿಕೊಂಡು ಅಳಬಹುದು. ಸೋಪು ಹಾಕಿ ತೊಳೆದ ಮೇಲೆ ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ.

ಒಂದು ಹನಿ ಜೆಲ್ ಬೆರಳಿಗೆ ಹತ್ತಿ ನಾಲಿಗೆಗೆ ಹೋದರೆ ಮಗುವಿಗೆ ಏನೂ ಆಗದಿರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೂ ಡಾಕ್ಟರಿಗೆ ಫೋನು ಮಾಡಿ ಹೇಳಿ. ಕೊಳವೆ ಚೀಪಿದ್ದರೆ, ಚಾಕ್‌ಪೀಸು ಕಡಿದಿದ್ದರೆ, ಸ್ಪ್ರೇ ಮುಖಕ್ಕೆ ಹೊಡೆದುಕೊಂಡಿದ್ದರೆ ಲಕ್ಷಣ ಕಾಣುವವರೆಗೆ ಕಾಯದೆ ಹೊರಡಿ. ಪದೇ ಪದೇ ವಾಂತಿ, ವಿಪರೀತ ಜೊಲ್ಲು, ಮಂಪರು, ಉಸಿರಿನಲ್ಲಿ ಸುಯ್ ಶಬ್ದ, ಮೈ ಅದುರು ಅಥವಾ ಫಿಟ್ಸ್ ಕಂಡರೆ 108ಕ್ಕೆ ಕರೆ ಮಾಡಿ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾಸ್ಪತ್ರೆ ಇದೆ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಹೊರಡುವಾಗ ಕೊಳವೆಯನ್ನೋ ಡಬ್ಬಿಯನ್ನೋ ಮಗುವಿನ ಜೊತೆಗೇ ಒಯ್ಯಿರಿ. ಎಷ್ಟು ಹೊತ್ತಿಗೆ ಹೋಯಿತು, ಕೊಳವೆಯಲ್ಲಿ ಮೊದಲು ಎಷ್ಟಿತ್ತು, ಈಗ ಎಷ್ಟಿದೆ, ಡಾಕ್ಟರು ಕೇಳುವ ಮೊದಲ ಮೂರು ಪ್ರಶ್ನೆ ಇವೇ.